ಥೈರಾಯ್ಡ್ ಕಸಿದುಕೊಂಡ ಕೂದಲು ಎಷ್ಟು ಮರಳುತ್ತದೆ?
(ಅಹ್ಮದಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಕುವೈತಿಗೆ ಬಂದು ನೆಲೆಸಿದ ನಮ್ಮ ಕನ್ನಡಿಗರಲ್ಲಿ ಕೂದಲಿನ ಮಾತು ಎದ್ದಾಗ ಆರೋಪ ಮೊದಲು ಹೋಗುವುದು ನೀರಿನ ಮೇಲೆ. 'ಊರಲ್ಲಿ ಬಾವಿ ನೀರು ಮೀಯುತ್ತಿದ್ದೆವು, ಇಲ್ಲಿ ಸಮುದ್ರದ ನೀರು' ಎನ್ನುತ್ತಾರೆ. ಮಾತಿನಲ್ಲಿ ಅರ್ಧ ನಿಜವಿದೆ. ಕುವೈತಿನಲ್ಲಿ ನದಿಯಿಲ್ಲ. ಒಂದು ಕಾಲದಲ್ಲಿ ಶತ್ ಅಲ್ ಅರಬ್‌ನಿಂದ ಹಾಯಿಹಡಗಿನಲ್ಲಿ ಕುಡಿಯುವ ನೀರು ಬರುತ್ತಿತ್ತು. ತೈಲದ ಯುಗ ಬಂದ ಮೇಲೆ, 1950ರ ದಶಕದ ಆರಂಭದಿಂದ, ಸಮುದ್ರದ ನೀರನ್ನು ಕಾಯಿಸಿ ಬಟ್ಟಿ ಇಳಿಸಿ ಉಪ್ಪು ತೆಗೆಯುವುದು ಶುರುವಾಯಿತು. ಹಾಗೆ ಇಳಿಸಿದ ನೀರಿಗೆ ನೆಲದಡಿಯ ಸವುಳು ನೀರನ್ನು ಸ್ವಲ್ಪವೇ ಬೆರೆಸಿ ನಲ್ಲಿಗೆ ಬಿಡುತ್ತಾರೆ. ಅಂದರೆ ನಮ್ಮ ಸ್ನಾನದ ಮನೆಗೆ ಬರುವುದು ಉಪ್ಪು ನೀರಲ್ಲ. ಕ್ಲೋರಿನ್ ಇರಬಹುದು, ಮಾಳಿಗೆಯ ಟ್ಯಾಂಕಿನಲ್ಲಿ ಕಾದು ಬೆಂದಿರಬಹುದು. ಅದರಿಂದ ಕೂದಲಿನ ಮೈ ಒರಟಾಗಬಹುದು, ಎಳೆ ನಡುವೆ ತುಂಡಾಗಬಹುದು. ಬುಡದ ಸಮೇತ ಕೂದಲು ಕಳಚಿ ಬರುವುದಕ್ಕೆ ಮಾತ್ರ ನೀರು ಕಾರಣವಲ್ಲ.

ಎರಡನ್ನೂ ಬೇರ್ಪಡಿಸಿ ನೋಡಲು ಯಾವ ಯಂತ್ರವೂ ಬೇಡ. ಬಾಚಣಿಗೆಗೆ ಸಿಕ್ಕಿದ ಹತ್ತು ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹರಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗುಬಟು ಕಾಣುತ್ತದೆಯೇ ನೋಡಿ. ಗುಬಟು ಇದ್ದರೆ ಆ ಕೂದಲು ಬುಡದಿಂದಲೇ ಬಂದದ್ದು. ಎರಡೂ ತುದಿ ಬರೀ ಎಳೆಯಾಗಿದ್ದು, ತುಂಡುಗಳು ಗಿಡ್ಡ-ಉದ್ದ ಬೆರೆತಿದ್ದರೆ ಅದು ಮುರಿದ ಕೂದಲು. ಮುರಿದದ್ದಕ್ಕೆ ನೀರು, ಬಣ್ಣ, ಬಿಸಿ ಯಂತ್ರ, ಬಿಗಿ ಜಡೆ ಇವುಗಳನ್ನು ಅನುಮಾನಿಸಬೇಕು. ಗುಬಟಿನದ್ದಾದರೆ ಹುಡುಕಾಟ ಮೈಯೊಳಗೆ ಸಾಗಬೇಕು. ಅಲ್ಲಿ ಸಿಗುವ ಕಾರಣಗಳಲ್ಲಿ ಒಂದಾದ ಥೈರಾಯ್ಡ್ ಗ್ರಂಥಿಯ ಬಗ್ಗೆ ಇಂದು ಮಾತಾಡುತ್ತೇನೆ. ಔಷಧ ತೆಗೆದುಕೊಂಡರೆ ಹೋದ ಕೂದಲು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಥೈರಾಯ್ಡ್ ಕಿತ್ತುಕೊಂಡದ್ದನ್ನು ಥೈರಾಯ್ಡಿನ ಚಿಕಿತ್ಸೆ ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಬೇರೆ ಕಾರಣಗಳು ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದಿಲ್ಲ. ಒಂದೇ ತಲೆಯಲ್ಲಿ ಈ ಎರಡೂ ಕೂಡಿ ಬಂದಿರುವುದೇ ಹೆಚ್ಚು.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿನ ಬುಡಗಳಿವೆ. ಒಂದೊಂದು ಬುಡವೂ ತನ್ನದೇ ಸರದಿಯಲ್ಲಿ ನಡೆಯುತ್ತದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಕೂದಲನ್ನು ಬಿಟ್ಟುಕೊಟ್ಟು ಹೊಸದನ್ನು ಶುರುಮಾಡುತ್ತದೆ. ಆರೋಗ್ಯದ ತಲೆಯಲ್ಲಿ ನೂರಕ್ಕೆ 85ರಿಂದ 90 ಬೆಳೆಯುವ ಹಂತದಲ್ಲಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಈ ಲೆಕ್ಕದಿಂದಲೇ. ತೆಂಗಿನ ಮರದ ಒಣಗರಿ ಬಿದ್ದ ದಿನ ಒಣಗಿದ್ದಲ್ಲವಲ್ಲ, ಹಾಗೆ ಇಂದು ಕೈಗೆ ಬಂದ ಕೂದಲು ಮೂರು ತಿಂಗಳ ಹಿಂದೆಯೇ ಬೆಳವಣಿಗೆ ನಿಲ್ಲಿಸಿದ್ದು. ಊರು ಬಿಟ್ಟು ಇಲ್ಲಿಗೆ ಬಂದ ಮೂರನೆಯ ತಿಂಗಳಲ್ಲಿ ಕೂದಲು ಉದುರಿದರೆ ಇಲ್ಲಿನ ನೀರನ್ನು ದೂರುತ್ತೇವೆ. ನಿಜವಾದ ಕಾರಣ ಊರಿನಲ್ಲಿ ಬಂದ ಜ್ವರವೋ ಬಾಣಂತನವೋ ಊಟ ಬಿಟ್ಟು ತೂಕ ಇಳಿಸಿದ್ದೋ ಆಗಿರಬಹುದು.

ಥೈರಾಯ್ಡ್ ಹಾರ್ಮೋನಿಗೂ ಕೂದಲಿನ ಬುಡಕ್ಕೂ ನೇರ ಮಾತುಕತೆಯಿದೆ. ಜರ್ಮನಿಯ ಲ್ಯೂಬೆಕ್‌ನಲ್ಲಿ ರಾಲ್ಫ್ ಪೌಸ್ ಅವರ ತಂಡ ಮನುಷ್ಯರ ನೆತ್ತಿಯ ಕೂದಲ ಬುಡಗಳನ್ನು ಪ್ರಯೋಗಾಲಯದಲ್ಲಿ ಜೀವಂತ ಇಟ್ಟು ಹಾರ್ಮೋನ್ ಸೋಕಿಸಿ ನೋಡಿತು. ಬೆಳೆಯುವ ಹಂತ ಉದ್ದವಾಯಿತು, ಬುಡದ ಕೋಶಗಳು ಹೆಚ್ಚು ವಿಭಜನೆಯಾದವು, ಬಣ್ಣವೂ ಹೆಚ್ಚಾಯಿತು ಎಂದು 2008ರಲ್ಲಿ ಪ್ರಕಟಿಸಿದರು. ಅದಕ್ಕೂ ಬಹಳ ಹಿಂದೆ, 1972ರಲ್ಲಿ, ಅಮೆರಿಕದ ಫ್ರೈಂಕೆಲ್ ದಂಪತಿ ಹಾರ್ಮೋನ್ ಕೊರತೆಯ ರೋಗಿಗಳ ಕೂದಲನ್ನು ಕಿತ್ತು ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ವಿಶ್ರಾಂತಿಯಲ್ಲಿರುವ ಬುಡಗಳ ಪಾಲು ಹೆಚ್ಚಿತ್ತು. ಹಾರ್ಮೋನ್ ಕೊಟ್ಟ ಮೇಲೆ ಆ ಪಾಲು ಸಹಜಕ್ಕೆ ಇಳಿಯಿತು. ನನಗೆ ಈ ಚಿಕ್ಕ ಅಧ್ಯಯನ ಬಹಳ ಮುಖ್ಯ. ಬುಡ ಸತ್ತಿಲ್ಲ, ನಿದ್ದೆ ಹೋಗಿದೆ ಎಂಬುದನ್ನು ಅದು ಕಣ್ಣಿಗೆ ತೋರಿಸಿತು.

ಹಾರ್ಮೋನ್ ಕಡಿಮೆಯಾದಾಗ ಕೂದಲು ಒಣಗಿ ಒರಟಾಗುತ್ತದೆ, ಹೊಳಪು ಹೋಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ, ಇಡೀ ತಲೆಯಲ್ಲಿ ಸಮನಾಗಿ ತೆಳುವಾಗುತ್ತದೆ. ಕಂಕುಳಲ್ಲೂ ಮೈಯಲ್ಲೂ ಕಡಿಮೆಯಾಗುತ್ತದೆ. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಅಳಿಸಿದಂತೆ ಆಗುವುದನ್ನು ಬೆಲ್ಜಿಯಂನ ವೈದ್ಯ ಹರ್ಟೋಗ್ ಅವರ ಹೆಸರಿನಿಂದ ಕರೆಯುತ್ತಾರೆ; ಆದರೆ ಇಸುಬು, ವಯಸ್ಸು, ವರ್ಷಾನುಗಟ್ಟಲೆ ಮಾಡಿಸಿದ ಥ್ರೆಡ್ಡಿಂಗ್‌ನಿಂದಲೂ ಹುಬ್ಬು ಹಾಗೇ ಆಗುತ್ತದೆ. ಹಾರ್ಮೋನ್ ಹೆಚ್ಚಾದಾಗ ಕೂದಲು ರೇಷ್ಮೆಯಂತೆ ಮೆತ್ತಗಾಗಿ, ಸಪೂರವಾಗಿ, ಗುಂಗುರು ನಿಲ್ಲದೆ ಜಾರುತ್ತದೆ. ತೆಳುವಾಗುವುದು ಇದರಲ್ಲೂ ಇಡೀ ತಲೆಗೆ ಸಮನಾಗಿ.

ಇನ್ನು ಒಬ್ಬ ಹೆಣ್ಣುಮಗಳ ಕಥೆ. ಹಲವರ ಅನುಭವಗಳನ್ನು ಒಟ್ಟುಗೂಡಿಸಿ ಕಟ್ಟಿದ್ದೇನೆ, ಯಾರೂ ತಮ್ಮದೆಂದು ಗುರುತಿಸಿಕೊಳ್ಳಬೇಕಿಲ್ಲ. ಕುಂದಾಪುರ ಕಡೆಯವರು, ವಯಸ್ಸು 34, ತೂಕ 62 ಕಿಲೋ, ಗಂಡನಿಗೆ ಅಹ್ಮದಿಯಲ್ಲಿ ಕೆಲಸ, ಮನೆ ಮಂಗಾಫ್‌ನಲ್ಲಿ. ಆರು ತಿಂಗಳಿಂದ ಕೂದಲು ಉದುರುತ್ತಿದೆ. ನೀರಿನ ತಪ್ಪೆಂದು ತಲೆಗೆ ಮಾತ್ರ ಬಾಟಲಿ ನೀರು ಹಾಕಿಕೊಂಡರು. ಅತ್ತೆ ಊರಿನಿಂದ ಕಾಯಿಸಿದ ಎಣ್ಣೆ ಕಳಿಸಿದರು. ದಾಸವಾಳದ ಸೊಪ್ಪಿನ ಲೋಳೆಯೂ ಆಯಿತು. ಸುಸ್ತು, ಮಲಬದ್ಧತೆ, ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಎಲ್ಲರೂ ಎ.ಸಿ. ಹಾಕಿ ಎನ್ನುವಾಗ ಇವರಿಗೆ ಮಾತ್ರ ಕಂಬಳಿ.

ಪರೀಕ್ಷೆಯಾಯಿತು. ಟಿ.ಎಸ್.ಎಚ್. 48, ಸಹಜ ಮಿತಿ ಸುಮಾರು 0.4ರಿಂದ 4. ಫ್ರೀ ಟಿ4 ಕಾಲಂನಲ್ಲಿ 5 ಎಂದಿತ್ತು. ಮೂರು ವರ್ಷದ ಹಿಂದೆ ಊರಿನ ಲ್ಯಾಬಿನ ಚೀಟಿಯಲ್ಲಿ ಅದೇ ಫ್ರೀ ಟಿ4 1.1 ಇತ್ತು. ಗಂಡ ಎರಡನ್ನೂ ಪಕ್ಕಪಕ್ಕ ಇಟ್ಟು 'ಐದು ಪಟ್ಟು ಹೆಚ್ಚಾಗಿದೆಯಲ್ಲ ಡಾಕ್ಟ್ರೇ' ಎಂದು ಗಾಬರಿಯಾದರು. ಈ ಗೊಂದಲ ಇಲ್ಲಿನ ಎಷ್ಟೋ ಮನೆಗಳಲ್ಲಿ ಆಗುತ್ತದೆ. ನಮ್ಮೂರಿನ ಲ್ಯಾಬುಗಳು ಸಾಮಾನ್ಯವಾಗಿ ಡೆಸಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತವೆ, ಇಲ್ಲಿ ಲೀಟರಿಗೆ ಎಷ್ಟು ಪಿಕೋಮೋಲ್ ಎಂದು. ಊರಿನ ಅಂಕಿಯನ್ನು ಸುಮಾರು 13ರಿಂದ ಗುಣಿಸಿದರೆ ಇಲ್ಲಿನ ಅಂಕಿ ಬರುತ್ತದೆ. ಅಂದಿನ 1.1 ಎಂದರೆ ಇಲ್ಲಿನ 14, ಸಹಜ. ಇಂದಿನದು 5, ಬಹಳ ಕಡಿಮೆ. ಟಿ.ಎಸ್.ಎಚ್.ಗೆ ಮಾತ್ರ ಎರಡೂ ಕಡೆ ಅಳತೆ ಒಂದೇ. ಅದರ ಜೊತೆಗೆ ಇವರ ಹಿಮೋಗ್ಲೋಬಿನ್ 10.2, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 8. ಹೆಚ್ಚಿನ ರಕ್ತಸ್ರಾವ ಕಬ್ಬಿಣವನ್ನು ಬರಿದು ಮಾಡಿತ್ತು. ಆ ಕೊರತೆಯೂ ಕೂದಲು ಉದುರಿಸಬಲ್ಲದು.

ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಲೆವೊಥೈರಾಕ್ಸಿನ್ 100 ಮೈಕ್ರೋಗ್ರಾಂ ಶುರುವಾಯಿತು. ಇದು ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ ಸಲ್ಲುವ ಲೆಕ್ಕವಲ್ಲ; ಅವರಿಗೆ 25ರಿಂದ ಮೆಲ್ಲಗೆ ಏರಿಸುತ್ತೇವೆ. ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು.

ಮೂರನೆಯ ವಾರ ಕೂದಲು ಮೊದಲಿಗಿಂತ ಹೆಚ್ಚು ಉದುರಿತು. ಎಷ್ಟೋ ಜನ ಇಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿಯಲ್ಲೂ ಮೊದಲ ತಿಂಗಳುಗಳಲ್ಲಿ ಕೂದಲು ಉದುರಬಹುದು ಎಂದು ಬರೆದಿರುತ್ತದೆ. ಅದನ್ನು ಓದಿದವರಿಗೆ ಮಾತ್ರೆಯೇ ಅಪರಾಧಿ ಎನಿಸುತ್ತದೆ. ನಡೆಯುವುದು ಬೇರೆ. ವಿಶ್ರಾಂತಿಯಲ್ಲಿದ್ದ ಸಾವಿರಾರು ಬುಡಗಳು ಒಟ್ಟಿಗೆ ಎಚ್ಚರಗೊಂಡು ಹೊಸ ಕೂದಲು ಹುಟ್ಟಿಸುತ್ತವೆ, ಹಳೆಯದು ಸಡಿಲವಾಗಿ ಹೊರಬೀಳುತ್ತದೆ. ಚಿಕಿತ್ಸೆಗೆ ಮೊದಲೇ ಬೆಳವಣಿಗೆ ನಿಲ್ಲಿಸಿದ್ದ ಕೂದಲೂ ಅದರ ಜೊತೆಗೆ ಬಂದೇ ಬರುತ್ತದೆ. ಎರಡು ಮೂರು ತಿಂಗಳು ಇದು ನಡೆಯುತ್ತದೆ. ಅದರಾಚೆಗೂ ಉದುರುತ್ತಲೇ ಇದ್ದರೆ ಪ್ರಮಾಣ ಹೆಚ್ಚಾಗಿದೆಯೋ ಎಂದು ಪರೀಕ್ಷಿಸಬೇಕು, ಏಕೆಂದರೆ ಹೆಚ್ಚು ಪ್ರಮಾಣವೂ ಕೂದಲು ಉದುರಿಸುತ್ತದೆ.

ಎಂಟನೆಯ ವಾರ ಟಿ.ಎಸ್.ಎಚ್. 19. ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಪ್ರಮಾಣ ಏರಿಸುವ ಮೊದಲು ವೈದ್ಯರು ಕೇಳಿದ್ದು, 'ಬೆಳಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ' ಎಂದು. ಎದ್ದ ಕೂಡಲೆ ಥೈರಾಯ್ಡ್ ಮಾತ್ರೆ, ಮರೆಯಬಾರದೆಂದು ಅದರ ಜೊತೆಗೇ ಕಬ್ಬಿಣದ ಮಾತ್ರೆ, ಐದು ನಿಮಿಷಕ್ಕೆ ಫಿಲ್ಟರ್ ಕಾಫಿ. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಕರುಳಿನಲ್ಲೇ ಆ ಹಾರ್ಮೋನನ್ನು ಹಿಡಿದುಕೊಂಡು ರಕ್ತಕ್ಕೆ ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಕಾಫಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಇನ್ನೊಂದು ಪ್ರಶ್ನೆಗೆ ಸಿಕ್ಕ ಉತ್ತರ ಈ ಊರಿಗೇ ವಿಶೇಷವಾದದ್ದು. ಊರಿನಿಂದ ತಂದ ಆರು ತಿಂಗಳ ಮಾತ್ರೆಗಳಲ್ಲಿ ಒಂದು ಪೊಟ್ಟಣ ಸದಾ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇರುತ್ತಿತ್ತು. ಲೆವೊಥೈರಾಕ್ಸಿನ್ ಶಾಖಕ್ಕೂ ತೇವಕ್ಕೂ ಸತ್ವ ಕಳೆದುಕೊಳ್ಳುವ ಔಷಧ. 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಇದೇ ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ನೆರಳಿನಲ್ಲೇ 53.9 ಡಿಗ್ರಿ ದಾಖಲಾಗಿದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಹೆಚ್ಚು. ಹಾಗೆ ಬೆಂದ ಮಾತ್ರೆಯಲ್ಲಿ ಬರೆದಷ್ಟು ಔಷಧ ಉಳಿದಿದೆ ಎಂದು ನಂಬುವಂತಿಲ್ಲ. ಕಬ್ಬಿಣ ಮಧ್ಯಾಹ್ನಕ್ಕೆ ಹೋಯಿತು, ಮಾತ್ರೆ ಮಲಗುವ ಕೋಣೆಯ ಕಪಾಟಿಗೆ ಬಂತು. ಪ್ರಮಾಣ ಬದಲಿಸದೆಯೇ ಎಂಟು ವಾರದಲ್ಲಿ ಟಿ.ಎಸ್.ಎಚ್. 2.6ಕ್ಕೆ ಇಳಿಯಿತು.

ಅಷ್ಟು ಹೊತ್ತಿಗೆ ಹಣೆಯಂಚಿನಲ್ಲಿ ಗಿಡ್ಡ ಎಳೆಗೂದಲು ನೆಟ್ಟಗೆ ನಿಂತಿದ್ದವು. ಅವರು ಅದನ್ನು ಮುರಿದ ಕೂದಲೆಂದು ಎಣ್ಣೆ ಹಚ್ಚಿ ಅಂಟಿಸುತ್ತಿದ್ದರು. ತುದಿ ಚೂಪಾಗಿ ಸಪೂರವಾಗಿದ್ದರೆ ಅದು ಹೊಸದಾಗಿ ಹುಟ್ಟಿದ್ದು. ಮುರಿದದ್ದರ ತುದಿ ಮೊಂಡಾಗಿರುತ್ತದೆ.

ಆರನೆಯ ತಿಂಗಳಲ್ಲಿ ಗೆಳತಿಯೊಬ್ಬರು 'ಬೇಗ ದಟ್ಟವಾಗುತ್ತದೆ, ತೆಗೆದುಕೊ' ಎಂದು ಬಯೋಟಿನ್ ಮಾತ್ರೆಯ ಡಬ್ಬಿ ಕೊಟ್ಟರು, ಒಂದರಲ್ಲಿ 10,000 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 30. ಮುಂದಿನ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 0.05, ಫ್ರೀ ಟಿ4 ಮಿತಿಗಿಂತ ಮೇಲೆ. ಚೀಟಿ ಮಾತ್ರ ನೋಡಿದರೆ ಪ್ರಮಾಣ ವಿಪರೀತ ಹೆಚ್ಚಾಗಿದೆ ಎನ್ನಬೇಕು. ಆದರೆ ನಾಡಿ 68, ಕೈ ನಡುಕವಿಲ್ಲ, ತೂಕ ಇಳಿದಿಲ್ಲ, ನಿದ್ದೆ ಚೆನ್ನಾಗಿದೆ. ಹಲವು ಲ್ಯಾಬುಗಳ ಪರೀಕ್ಷಾ ವಿಧಾನದೊಳಗೇ ಬಯೋಟಿನ್ ಒಂದು ಅಂಟಿನಂತೆ ಕೆಲಸ ಮಾಡುತ್ತದೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿ.ಎಸ್.ಎಚ್. ಸುಳ್ಳಾಗಿ ತಗ್ಗುತ್ತದೆ, ಟಿ4 ಸುಳ್ಳಾಗಿ ಏರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು. ಇಷ್ಟು ದೊಡ್ಡ ಪ್ರಮಾಣವಾದರೆ ಇನ್ನೂ ಕೆಲವು ದಿನ ಬಿಡುವುದು ಒಳ್ಳೆಯದು. ಹಾಗೆ ಬಿಟ್ಟು ಪರೀಕ್ಷಿಸಿದಾಗ ಟಿ.ಎಸ್.ಎಚ್. 2.4 ಬಂತು. ಸುಳ್ಳು ಅಂಕಿಯನ್ನು ನಂಬಿ ಲೆವೊಥೈರಾಕ್ಸಿನ್ ಅರ್ಧಕ್ಕಿಳಿಸಿದ್ದರೆ ಮೂರು ತಿಂಗಳಲ್ಲಿ ಎರಡನೆಯ ಉದುರುವಿಕೆ ಶುರುವಾಗುತ್ತಿತ್ತು. ಕೂದಲಿಗೆಂದು ತಿಂದದ್ದು ಕೂದಲನ್ನೇ ಕಳೆಯುವ ದಾರಿ ಇದು. ಬಯೋಟಿನ್ ಕೊರತೆ ನಿಜವಾಗಿ ಇರುವುದು ತೀರ ಅಪರೂಪ, ಕೊರತೆ ಇಲ್ಲದವರಿಗೆ ಅದರಿಂದ ಕೂದಲು ದಟ್ಟವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಎಂಟನೆಯ ತಿಂಗಳಲ್ಲಿ ಅವರದೊಂದು ದೂರು: 'ಬಾಚಿದಾಗ ಬರುವುದು ನಿಂತಿದೆ, ಆದರೆ ಜಡೆ ಇಲಿಬಾಲದ ಹಾಗೇ ಇದೆ.' ಅದೂ ನಿಜ, ಚಿಕಿತ್ಸೆ ಫಲಿಸಿದ್ದೂ ನಿಜ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊಸ ಕೂದಲು ಆಗ ಐದಾರು ಸೆಂಟಿಮೀಟರ್ ಆಗಿದ್ದೀತು. ಜಡೆಯೊಳಕ್ಕೆ ಇನ್ನೂ ಸೇರಿಲ್ಲ. ನೆತ್ತಿಯಲ್ಲಿ ದಟ್ಟಣೆ ಗೊತ್ತಾಗಲು ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಒಂದೂವರೆ ವರ್ಷ. ಸೊಂಟದವರೆಗಿನ 60 ಸೆಂಟಿಮೀಟರ್ ಜಡೆಯ ತುದಿ ಮೊದಲಿನಷ್ಟು ದಪ್ಪವಾಗಲು ಐದು ವರ್ಷ. ಆದ್ದರಿಂದ ಅಳೆಯಬೇಕಾದ್ದು ಜಡೆಯನ್ನಲ್ಲ, ಬೈತಲೆಯನ್ನು. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಒಣಗಿದ ತಲೆಯಲ್ಲಿ, ನಡು ಬೈತಲೆ ತೆಗೆದು ಮೇಲಿನಿಂದ ಒಂದು ಫೋಟೊ ತೆಗೆಸಿಕೊಂಡರೆ ಸಾಕು.

ಇವರೂ ತೆಗೆಸಿಕೊಂಡಿದ್ದರು. ಹದಿನಾಲ್ಕನೆಯ ತಿಂಗಳ ಹೊತ್ತಿಗೆ ಕಿವಿಯ ಮೇಲ್ಭಾಗ, ಹಿಂದಲೆ, ಹುಬ್ಬು ಪೂರ್ತಿ ತುಂಬಿದ್ದವು. ನೆತ್ತಿಯ ನಡುವಿನ ಬೈತಲೆ ಮಾತ್ರ ಮದುವೆಯ ಫೋಟೊದಲ್ಲಿದ್ದುದಕ್ಕಿಂತ ಅಗಲವಾಗಿಯೇ ಉಳಿಯಿತು. ಟಿ.ಎಸ್.ಎಚ್. ಸರಿಯಿದೆ, ಫೆರಿಟಿನ್ 50 ದಾಟಿದೆ. ತಾಯಿಯ ಫೋಟೊ ತರಿಸಿ ನೋಡಿದರೆ ಅದೇ ಜಾಗ ತೆಳುವಾಗಿತ್ತು. ಇದು ವಂಶದಿಂದ ಬಂದ ತೆಳುವಾಗುವಿಕೆ. ನೆತ್ತಿಯ ನಡುವೆ ಅಗಲಿಸುತ್ತದೆ, ಮುಂಭಾಗದ ಅಂಚನ್ನು ಉಳಿಸುತ್ತದೆ, ಬುಡಗಳನ್ನು ವರ್ಷ ವರ್ಷ ಸಪೂರಗೊಳಿಸುತ್ತದೆ. ಥೈರಾಯ್ಡ್ ಅದನ್ನು ಹುಟ್ಟುಹಾಕಲಿಲ್ಲ, ಎದ್ದು ಕಾಣುವಂತೆ ಮಾಡಿತು. ಲೆವೊಥೈರಾಕ್ಸಿನ್ ಏರಿಸಿದರೆ ಅದು ಹೋಗುವುದಿಲ್ಲ; ಏರಿಸಿದರೆ ಎದೆಬಡಿತವೂ ಮೂಳೆ ಸವೆತವೂ ಬರುತ್ತವೆ. ಅದರ ಮದ್ದು ಬೇರೆ, ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್. ನಾಲ್ಕಾರು ತಿಂಗಳು ಹಚ್ಚಿದ ಮೇಲೆ ಗುಣ ಕಾಣುತ್ತದೆ, ಬಿಟ್ಟರೆ ಬಂದದ್ದು ಹೋಗುತ್ತದೆ, ಬಸಿರಿನಲ್ಲಿ ಬಳಸುವಂತಿಲ್ಲ.

ಟಿ.ಎಸ್.ಎಚ್. 6 ಅಥವಾ 7 ಇದ್ದು, ಟಿ4 ಸಹಜವಾಗಿರುವವರೂ ಇಲ್ಲಿದ್ದೀರಿ ಎಂದು ಬಲ್ಲೆ. 'ನನಗೂ ಥೈರಾಯ್ಡ್, ಅದಕ್ಕೇ ಕೂದಲು' ಎಂದು ನೀವು ಹೇಳುವುದನ್ನು ಕೇಳಿದ್ದೇನೆ. ಅಷ್ಟು ಅಲ್ಪ ಏರಿಕೆಯಿಂದ ತಲೆ ಬರಿದಾಗುವುದು ಅಪರೂಪ. ಮಾತ್ರೆ ಕೊಡಲು ಬೇರೆ ಕಾರಣವಿರಬಹುದು, ಬಸಿರಿನ ಯೋಚನೆ ಅದರಲ್ಲಿ ಮುಖ್ಯ. ಕೂದಲಿಗಾಗಿಯೇ ತಿನ್ನುವುದಾದರೆ ನಿರಾಶೆಯೇ ಹೆಚ್ಚು. ಆ ಚೀಟಿಯನ್ನು ಬದಿಗಿಟ್ಟು ಫೆರಿಟಿನ್, ಹೆರಿಗೆಯ ದಿನಾಂಕ, ಊಟ, ಬೈತಲೆ ಇವನ್ನು ಮೊದಲು ನೋಡಿ.

ಹಾರ್ಮೋನ್ ಹೆಚ್ಚಾದವರಿಗೆ ಈ ಊರಿನಲ್ಲಿ ಬೇರೊಂದು ತೊಡಕಿದೆ. ಬೆವರು, ಸೆಕೆ ತಡೆಯದಿರುವುದು, ಎದೆಬಡಿತ, ತೂಕ ಇಳಿಯುವುದು, ಇದೆಲ್ಲ ಜುಲೈ ತಿಂಗಳಲ್ಲಿ ಹೊರಗೆ ಕೆಲಸ ಮಾಡುವ ಗಂಡಸಿಗೆ ಸಹಜವೆಂದೇ ತೋರುತ್ತದೆ. ಕೂದಲು ತೆಳುವಾದರೆ 'ಅಪ್ಪನಿಗೂ ಬೋಳು' ಎಂದುಕೊಳ್ಳುತ್ತಾನೆ. ಎ.ಸಿ. ಕೋಣೆಯಲ್ಲಿ ರಾತ್ರಿ ಮಲಗಿದಾಗಲೂ ನಾಡಿ ನೂರರ ಸುತ್ತ ಇದ್ದರೆ, ಚಾಚಿದ ಬೆರಳು ಸಣ್ಣಗೆ ನಡುಗಿದರೆ ಅದು ಬಿಸಿಲಿನದಲ್ಲ. ಗ್ರೇವ್ಸ್ ಕಾಯಿಲೆಗೆ ಕಾರ್ಬಿಮಜೋಲ್ ಕೊಟ್ಟಾಗ ಹಾರ್ಮೋನ್ ಹತೋಟಿಗೆ ಬಂದ ಮೇಲೂ ಕೆಲವು ತಿಂಗಳು ಕೂದಲು ಉದುರುತ್ತದೆ. ಒಂದಿಷ್ಟು ಆ ಔಷಧದಿಂದಲೂ ಇರಬಹುದು. ಪ್ರಮಾಣ ಮೀರಿ ಹಾರ್ಮೋನ್ ಕುಸಿದರೆ, ಅಥವಾ ರೇಡಿಯೋ ಅಯೋಡಿನ್ ಬಳಿಕ ಕೊರತೆ ಬಂದದ್ದು ಗಮನಕ್ಕೆ ಬಾರದಿದ್ದರೆ, ಎರಡನೆಯ ಅಲೆ ಏಳುತ್ತದೆ. ಆ ಹೊತ್ತಿನಲ್ಲಿ ರಕ್ತಪರೀಕ್ಷೆ ತಪ್ಪಿಸಿ ರಜೆಗೆ ಊರಿಗೆ ಹೋಗುವುದೇ ದೊಡ್ಡ ಅಪಾಯ. ಕಾರ್ಬಿಮಜೋಲ್ ನುಂಗುವವರಿಗೆ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣ ಪರೀಕ್ಷಿಸಬೇಕೆಂದು ಈ ವೇದಿಕೆಯಿಂದಲೂ ಹೇಳುತ್ತೇನೆ. ಕೂದಲಿಗೆ ಸಂಬಂಧವಿಲ್ಲದಿದ್ದರೂ ಜೀವಕ್ಕೆ ಸಂಬಂಧವಿದೆ.

ಕೊನೆಗೆ, ಕಾಯಬಾರದ ಎರಡು ಚಿತ್ರಗಳು. ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಮಾಯವಾಗಿ ಚರ್ಮ ನುಣ್ಣಗಿದ್ದರೆ ಅದು ದೇಹದ ರಕ್ಷಣಾ ಪಡೆಯೇ ಕೂದಲ ಬುಡದ ಮೇಲೆ ಬಿದ್ದದ್ದು. ಆ ಪಡೆ ಥೈರಾಯ್ಡಿನ ಮೇಲೆ ಬಿದ್ದವರಲ್ಲಿ ಇದು ಇತರರಿಗಿಂತ ಹೆಚ್ಚು ಕಾಣುತ್ತದೆ. ಎರಡೂ ನೆಂಟರು, ಆದರೆ ಒಂದರ ಮದ್ದು ಇನ್ನೊಂದಕ್ಕಲ್ಲ. ನಾಣ್ಯದಂಥ ಈ ಬೋಳಿನಲ್ಲಿ ಬುಡಗಳು ಉಳಿದಿರುತ್ತವೆ. ಇನ್ನೊಂದು, ಮುಟ್ಟು ನಿಂತ ಹೆಂಗಸರಲ್ಲಿ ಹಣೆಯಂಚು ಹಿಂದೆ ಸರಿಯುತ್ತ, ಹುಬ್ಬು ಉದುರುತ್ತ ಬರುವ ಕಾಯಿಲೆ. ಆಸ್ಟ್ರೇಲಿಯದ ಸ್ಟೀವನ್ ಕೊಸ್ಸಾರ್ಡ್ 1994ರಲ್ಲಿ ವಿವರಿಸಿದ್ದು. ಹುಬ್ಬು ಹೋದದ್ದನ್ನು ಕಂಡು 'ಥೈರಾಯ್ಡ್ ಇದೆಯಲ್ಲ, ಅದರಿಂದಲೇ' ಎಂದು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಹಣೆಯಂಚಿನ ಚರ್ಮವನ್ನು ಬೆಳಕಿಗೆ ಒಡ್ಡಿ ನೋಡಿ: ಮಿರುಗುತ್ತಿದ್ದು, ಕೂದಲು ಹೊರಡುವ ಸಣ್ಣ ರಂಧ್ರಗಳೇ ಇಲ್ಲದಿದ್ದರೆ ಅಲ್ಲಿ ಬುಡ ಕಲೆಯಾಗಿ ಮುಚ್ಚಿಹೋಗಿದೆ, ಹಾರ್ಮೋನ್ ಎಷ್ಟೇ ಸರಿಯಾದರೂ ಅಲ್ಲಿಂದ ಕೂದಲು ಬರುವುದಿಲ್ಲ. ಉಳಿದ ಅಂಚನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ಅಂಥವರು ಟಿ.ಎಸ್.ಎಚ್. ಇಳಿಯಲೆಂದು ಕಾಯದೆ, ಮುಂದಿನ ರಜೆಗೆ ಊರಿಗೆ ಹೋದಾಗ ನೋಡೋಣ ಎನ್ನದೆ, ಈ ತಿಂಗಳೇ ಇಲ್ಲಿನ ಚರ್ಮರೋಗ ತಜ್ಞರಿಗೆ ಹಣೆ ತೋರಿಸಬೇಕು.